ಫ್ಲ್ಯಾಟ್ ಕ್ರಯದ ಕರಾರು ಪತ್ರ

2025ನೇ ಇಸವಿ ನವೆಂಬರ್ 10ನೇ ತಾರೀಖು, ಸೋಮವಾರ, ಮೈಸೂರಿನಲ್ಲಿ ಬರೆಸಿಕೊಂಡ ಕರಾರು.

ಮಾರುವವರು: ಮೈಸೂರು ಕುವೆಂಪುನಗರದಲ್ಲಿ ವಾಸವಿರುವ ಶ್ರೀ ಎಚ್. ಎಸ್. ಮಂಜುನಾಥ, 61 ವರ್ಷ, ನಿವೃತ್ತ ನೌಕರರು, ಮತ್ತು ಅವರ ಪತ್ನಿ ಶ್ರೀಮತಿ ಸುಮಾ, 56 ವರ್ಷ. ಇಬ್ಬರೂ ಭಾರತದ ನಿವಾಸಿಗಳು.

ಕೊಳ್ಳುವವರು: ಮೈಸೂರು ಸರಸ್ವತಿಪುರಂನಲ್ಲಿ ಬಾಡಿಗೆಗಿರುವ ಶ್ರೀಮತಿ ಕೆ. ರೂಪಾ, 39 ವರ್ಷ, ಶಿಕ್ಷಕಿ.

ಇಬ್ಬರ ಮಾತೂ ವಾರಸುದಾರರನ್ನು ಕಟ್ಟಿಹಾಕುತ್ತದೆ. ಮಾರುವವರಲ್ಲಿ ಒಬ್ಬರು ಇಲ್ಲದಂತಾದರೂ ಕರಾರು ಬಿದ್ದುಹೋಗುವುದಿಲ್ಲ. ಓದಿದ ಎಲ್ಲರಿಗೂ ಅರ್ಥವಾಗಲಿ ಅಂತ ಸರಳ ಮಾತಿನಲ್ಲೇ ಬರೆಸಿದ್ದೇವೆ.

1. ಹಕ್ಕು. ಷೆಡ್ಯೂಲಿನ ಫ್ಲ್ಯಾಟನ್ನು ಮಾರುವವರು 2011ರಲ್ಲಿ ನೋಂದಾಯಿತ ಕ್ರಯಪತ್ರದ ಮೂಲಕ ಜಂಟಿಯಾಗಿ ಕೊಂಡಿದ್ದಾರೆ. ಅವರ ಗೃಹಸಾಲದ ಬಾಕಿ ಇವತ್ತಿಗೆ ಸುಮಾರು 9,12,000 ರೂಪಾಯಿ ಇದೆ. ಅದು ಬಿಟ್ಟರೆ ಬೇರೆ ಸಾಲ, ಜಾಮೀನು, ಕೋರ್ಟು ಕೇಸು, ಇನ್ನೊಬ್ಬರಿಗೆ ಬರೆದುಕೊಟ್ಟ ಕರಾರು, ಮಕ್ಕಳ ಅಥವಾ ದಾಯಾದಿಗಳ ತಕರಾರು ಯಾವುದೂ ಇಲ್ಲ. ಇದು ಸುಳ್ಳೆಂದು ಗೊತ್ತಾದರೆ 11ನೇ ಕಲಂ ಲಾಗೂ ಆಗುತ್ತದೆ.

2. ಬೆಲೆ. ಒಟ್ಟು 64,00,000 ರೂಪಾಯಿ (ಅರವತ್ತನಾಲ್ಕು ಲಕ್ಷ). ಇದರಲ್ಲಿ ಕಾರ್ ಪಾರ್ಕಿಂಗ್, ಅಡುಗೆಮನೆಯ ಮರದ ಕಪಾಟು, ಮೂರು ಫ್ಯಾನು, ಗೀಸರು, ಸಂಘದಲ್ಲಿರುವ ನಿಧಿಯ ಪಾಲು, ವಿದ್ಯುತ್ ಠೇವಣಿ ಎಲ್ಲ ಸೇರಿದೆ. ಆಮೇಲೆ "ಅದಕ್ಕೆ ಬೇರೆ ದುಡ್ಡು" ಅನ್ನುವ ಮಾತಿಲ್ಲ. ಇನ್ವರ್ಟರ್ ಮಾತ್ರ ಮಾರುವವರು ತಗೊಂಡು ಹೋಗುತ್ತಾರೆ.

3. ಕಂತುಗಳು.

ಅ) 2025ರ ನವೆಂಬರ್ 3ರಂದು ಟೋಕನ್ ಆಗಿ ಬ್ಯಾಂಕ್ ಮೂಲಕ ಸಂದಾಯವಾದ 1,00,000 ರೂಪಾಯಿ. ಮಾರುವವರು ಇದನ್ನು ಒಪ್ಪಿದ್ದಾರೆ.

ಆ) ಈ ಕರಾರಿಗೆ ಸಹಿಯಾದ ದಿನ 5,40,000 ರೂಪಾಯಿ.

ಇ) 4ನೇ ಕಲಮಿನ ದಾಖಲೆಗಳು ಪೂರ್ತಿ ಕೈಸೇರಿದ ಮೇಲೆ, ಏಳು ದಿನದೊಳಗೆ 9,60,000 ರೂಪಾಯಿ. ಈ ಹಣ ಮಾರುವವರ ಕೈಗೆ ಹೋಗುವುದಿಲ್ಲ. ನೇರ ಅವರ ಗೃಹಸಾಲದ ಖಾತೆಗೆ ಜಮಾ ಆಗುತ್ತದೆ. ಸಾಲ ತೀರಿ ಮಿಕ್ಕದ್ದು ಅವರ ಜಂಟಿ ಖಾತೆಗೆ.

ಈ) ಶುದ್ಧ ಕ್ರಯಪತ್ರ ನೋಂದಣಿಯಾಗುವ ದಿನ 46,00,000 ರೂಪಾಯಿ, ಕೊಳ್ಳುವವರ ಗೃಹಸಾಲದ ಬ್ಯಾಂಕಿನ ಚೆಕ್ಕಿನಲ್ಲಿ.

ಉ) ಫ್ಲ್ಯಾಟಿನ ಕೀಲಿ ಕೈಗೆ ಬಂದ ದಿನ 2,00,000 ರೂಪಾಯಿ.

ನಗದು ವ್ಯವಹಾರ ಒಂದು ರೂಪಾಯಿಯೂ ಇಲ್ಲ. ಬೆಲೆ 50 ಲಕ್ಷ ದಾಟಿರುವುದರಿಂದ ಆದಾಯ ತೆರಿಗೆ ಕಾಯ್ದೆಯ 194-ಐಎ ಕಲಮಿನಂತೆ ಪ್ರತಿ ಕಂತಿನಲ್ಲೂ ಶೇ. 1 ಟಿಡಿಎಸ್ ಹಿಡಿಯುತ್ತಾರೆ. ಒಟ್ಟು 64,000 ರೂಪಾಯಿ. ಟೋಕನ್ ಮೇಲಿನ ಟಿಡಿಎಸ್ಸನ್ನು ಇವತ್ತಿನ ಕಂತಿನಲ್ಲೇ ಹಿಡಿದಿದೆ. ಮಾರುವವರು ಇಬ್ಬರಿರುವುದರಿಂದ ಇಬ್ಬರ ಪ್ಯಾನಿಗೂ ಬೇರೆ ಬೇರೆ ಫಾರಂ ಸಲ್ಲಿಸಿ, ಪ್ರಮಾಣಪತ್ರ ಕೊಡುವುದು ಕೊಳ್ಳುವವರ ಕೆಲಸ. ಹಿಡಿದ ಹಣವೂ ಬೆಲೆಯ ಪಾವತಿಯೇ, ಕಡಿಮೆ ಕೊಟ್ಟಂತೆ ಅಲ್ಲ.

4. ದಾಖಲೆಗಳು. 2025ರ ನವೆಂಬರ್ 28ರೊಳಗೆ ಮಾರುವವರು ಇವನ್ನು ಕೊಡಬೇಕು: 2011ರ ಕ್ರಯಪತ್ರದ ನಕಲು, ಅದಕ್ಕೂ ಹಿಂದಿನ ಮೂಲ ದಾಖಲೆಗಳ ನಕಲು, ಇಬ್ಬರ ಹೆಸರಿನ ಇ-ಖಾತಾ, 2011 ಲಾಗಾಯ್ತು ಇಲ್ಲಿಯವರೆಗಿನ ಋಣಭಾರ ಪ್ರಮಾಣಪತ್ರ, ಈ ವರ್ಷದ ಕಂದಾಯ ರಸೀದಿ, ಕಟ್ಟಡದ ನಕ್ಷೆ, ಸಾಲದ ಬಾಕಿ ತೋರಿಸುವ ಬ್ಯಾಂಕಿನ ಪತ್ರ, ಅಪಾರ್ಟ್‌ಮೆಂಟ್ ಸಂಘದ ಬಾಕಿ ಇಲ್ಲ ಅನ್ನುವ ಪತ್ರ. ಸಂಘದ ಪತ್ರದಲ್ಲಿ ಪಾರ್ಕಿಂಗ್ ನಂಬರ್ 9 ಅಂತ ಬರೆದಿರಬೇಕು. ಕಂಬದ ಮೇಲೆ ಹಳದಿ ಬಣ್ಣದಲ್ಲಿ 11 ಅಂತ ಇದೆ, ದಾಖಲೆಯಲ್ಲಿ 9 ಇದೆ. ಇದು ಸುಮ್ನೆ ಬಣ್ಣದ ವಿಷಯ ಅಲ್ಲ, ನಾಳೆ ಜಗಳದ ವಿಷಯ. ನೋಂದಣಿಗೆ ಮುಂಚೆ ಕಂಬದ ನಂಬರ್ ತಿದ್ದಿಸಿಕೊಡಬೇಕು.

ಸಾಲ ತೀರಿದ ಮೇಲೆ ಮೂಲ ಕ್ರಯಪತ್ರವನ್ನು 30 ದಿನದೊಳಗೆ ವಾಪಸ್ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಬಿಡಿಸಿಕೊಳ್ಳಲು ಹೋಗುವ ದಿನ ಕೊಳ್ಳುವವರೂ ಜೊತೆಗಿರುತ್ತಾರೆ.

5. ನೋಂದಣಿ. 2026ರ ಜನವರಿ 30, ಶುಕ್ರವಾರದೊಳಗೆ ಶುದ್ಧ ಕ್ರಯಪತ್ರ ನೋಂದಣಿಯಾಗಬೇಕು. ಛಾಪಾ ಶುಲ್ಕ, ನೋಂದಣಿ ಶುಲ್ಕ ಕೊಳ್ಳುವವರದ್ದು. ಈ ಕರಾರನ್ನೂ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸುತ್ತೇವೆ. ಖರ್ಚು ಸ್ವಲ್ಪ ಜಾಸ್ತಿಯಾದರೂ ಋಣಭಾರ ಪತ್ರದಲ್ಲಿ ಇದು ಕಾಣುತ್ತದೆ, ಮತ್ತೊಬ್ಬರಿಗೆ ಮಾರುವ ದಾರಿ ಮುಚ್ಚುತ್ತದೆ.

6. ರಿಪೇರಿ. ಚಿಕ್ಕ ಮಲಗುವ ಕೋಣೆಯಲ್ಲಿ ಬಚ್ಚಲಿಗೆ ತಾಗಿದ ಗೋಡೆಯ ಮೇಲೆ, ನೆಲದಿಂದ ಎರಡಡಿ ಎತ್ತರದವರೆಗೆ ನೀರು ಜಿನುಗಿ ಬಣ್ಣ ಉದುರಿದೆ. ಸಹಿಗೆ ಮುಂಚೆ ಇಬ್ಬರೂ ಕೈಯಿಟ್ಟು ನೋಡಿದ್ದೇವೆ, ಫೋಟೋ ಲಗತ್ತಿಸಿದೆ. ಮೇಲೆ ಬಣ್ಣ ಬಳಿದರೆ ರಿಪೇರಿ ಆದಂತಲ್ಲ. ಬಚ್ಚಲಿನ ಪೈಪು, ಟೈಲ್ಸ್ ಸಂದು ಸರಿಮಾಡಿಸಿ 2026ರ ಜನವರಿ 15ರೊಳಗೆ ಮುಗಿಸಬೇಕು. ಆಗದಿದ್ದರೆ ಕೊಳ್ಳುವವರು ತಾವೇ ಮಾಡಿಸಿ, ಬಿಲ್ಲಿನ ಮೊತ್ತವನ್ನು ಕೊನೆಯ ಕಂತಿನಲ್ಲಿ ಮುರಿದುಕೊಳ್ಳಬಹುದು.

7. ಸ್ವಾಧೀನ. ಹುಬ್ಬಳ್ಳಿಯಲ್ಲಿರುವ ಮಗಳ ಮನೆಗೆ ಸಾಮಾನು ಸಾಗಿಸಲು ಎರಡು ವಾರ ಬೇಕೆಂದು ಮಾರುವವರು ಕೇಳಿದ್ದಾರೆ. ಅದಕ್ಕೇ ಸ್ವಾಧೀನದ ದಿನ 2026ರ ಫೆಬ್ರವರಿ 14, ಶನಿವಾರ ಬೆಳಗ್ಗೆ 11 ಗಂಟೆ. ಅಷ್ಟೊತ್ತಿಗೆ ಮನೆ ಖಾಲಿ ಇರಬೇಕು, ಎಲ್ಲ ಕೀಲಿಗಳೂ ಸಿಗಬೇಕು. ಆ ದಿನದವರೆಗಿನ ವಿದ್ಯುತ್, ನೀರು, ಕಂದಾಯ, ನಿರ್ವಹಣಾ ಶುಲ್ಕ ಮಾರುವವರದ್ದು. ಈ ಹದಿನೈದು ದಿನ ಅವರು ಬಾಡಿಗೆದಾರರಲ್ಲ, ಅನುಮತಿ ಪಡೆದು ಇರುವವರಷ್ಟೇ.

8. ಸ್ವಾಧೀನ ತಡವಾದರೆ ದಿನಕ್ಕೆ 1,600 ರೂಪಾಯಿ. ಕೊಳ್ಳುವವರು ಈಗಿನ ಮನೆಗೆ ತಿಂಗಳಿಗೆ 18,000 ಬಾಡಿಗೆ ಕೊಡುತ್ತಾರೆ, ಅದರ ಮೇಲೆ ಹೊಸ ಸಾಲದ ಬಡ್ಡಿ ಬೀಳುತ್ತದೆ. ಇದು ದಂಡವಲ್ಲ, ಆಗುವ ನಷ್ಟದ ಅಂದಾಜು. ಮೊದಲು ಉಳಿಸಿಕೊಂಡ 2,00,000ದಲ್ಲಿ ಮುರಿಯುತ್ತದೆ. ಸಾಲದಿದ್ದರೆ ಮಾರುವವರು ಕೈಯಿಂದ ಕೊಡಬೇಕು.

9. ಸಾಲ ಸಿಗದಿದ್ದರೆ. ಹಕ್ಕುಪತ್ರದಲ್ಲಿ ಅಥವಾ ನಕ್ಷೆಯಲ್ಲಿ ದೋಷವಿದೆ ಎಂದು ಬ್ಯಾಂಕು ಸಾಲ ನಿರಾಕರಿಸಿದರೆ ಪಡೆದ ಹಣವನ್ನೆಲ್ಲ 15 ದಿನದೊಳಗೆ ವಾಪಸ್ ಕೊಡಬೇಕು. ಗೃಹಸಾಲಕ್ಕೆ ಹೋದ ಹಣವೂ ಅದರಲ್ಲಿ ಸೇರುತ್ತದೆ. ಕೊಳ್ಳುವವರ ಆದಾಯದ ಕಾರಣಕ್ಕೆ ನಿರಾಕರಿಸಿದರೆ 50,000 ಮುರಿದು ಮಿಕ್ಕದ್ದು ವಾಪಸ್.

10. ಕೊಳ್ಳುವವರು ತಪ್ಪಿದರೆ. ಯಾವುದೇ ಕಂತಿಗೆ 15 ದಿನ ರಿಯಾಯಿತಿ. ಆಮೇಲೆ ಬಾಕಿಗೆ ವರ್ಷಕ್ಕೆ ಶೇ. 12 ಬಡ್ಡಿ. ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಕೊಟ್ಟು 15 ದಿನ ಕಾದರೂ ಹಣ ಬಾರದಿದ್ದರೆ ಮಾರುವವರು ಕರಾರು ರದ್ದು ಮಾಡಬಹುದು. ಆಗ ಟೋಕನ್ 1,00,000 ಮಾತ್ರ ಅವರದ್ದು. ಉಳಿದದ್ದು 30 ದಿನದಲ್ಲಿ ವಾಪಸ್. ಮಾರುವವರ ದಾಖಲೆ ತಡವಾಗಿ ಕಂತು ತಡವಾದರೆ ಅದು ಕೊಳ್ಳುವವರ ತಪ್ಪಲ್ಲ, ಅಷ್ಟು ದಿನ ವಾಯಿದೆ ಮುಂದಕ್ಕೆ ಹೋಗುತ್ತದೆ.

11. ಮಾರುವವರು ತಪ್ಪಿದರೆ. ಬೆಲೆ ಏರಿತು, ಮನಸ್ಸು ಬದಲಾಯಿತು, ಇನ್ನೊಬ್ಬರು ಜಾಸ್ತಿ ಕೊಡುತ್ತಾರೆ ಅನ್ನುವ ಯಾವ ಕಾರಣಕ್ಕೂ ಹಿಂದೆ ಸರಿಯುವಂತಿಲ್ಲ. ಸರಿದರೆ ಆಯ್ಕೆ ಕೊಳ್ಳುವವರದ್ದು. ಒಂದೋ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಡಿ ಕೋರ್ಟಿಗೆ ಹೋಗಿ ಕ್ರಯಪತ್ರ ಮಾಡಿಸಿಕೊಳ್ಳುವುದು. ಇಲ್ಲವೇ ಕೊಟ್ಟ ಹಣವನ್ನೆಲ್ಲ ಶೇ. 12 ಬಡ್ಡಿ ಸಮೇತ, ಮೇಲೆ 3,00,000 ರೂಪಾಯಿ ಪರಿಹಾರ ಸೇರಿಸಿ 30 ದಿನದಲ್ಲಿ ವಾಪಸ್ ಪಡೆಯುವುದು. ಆ ಹಣ ಪೂರ್ತಿ ಬರುವವರೆಗೆ, ಸ್ವತ್ತು ವರ್ಗಾವಣೆ ಕಾಯ್ದೆಯ 55(6)(ಬಿ) ಕಲಮಿನಂತೆ, ಕೊಟ್ಟ ಹಣದ ಮಟ್ಟಿಗೆ ಫ್ಲ್ಯಾಟಿನ ಮೇಲೆ ಕೊಳ್ಳುವವರಿಗೆ ಋಣಭಾರದ ಹಕ್ಕು ಇರುತ್ತದೆ.

12. ವ್ಯಾಜ್ಯ ಬಂದರೆ ಮೈಸೂರಿನ ಕೋರ್ಟುಗಳಲ್ಲೇ. ಬಾಯಿಮಾತಿನ ಬದಲಾವಣೆ ನಡೆಯುವುದಿಲ್ಲ, ಬರಹದಲ್ಲಿ ಎಲ್ಲರ ಸಹಿ ಬೇಕು.

ಷೆಡ್ಯೂಲು. ಮೈಸೂರು ಕುವೆಂಪುನಗರದ "ಪಾರಿಜಾತ" ಅಪಾರ್ಟ್‌ಮೆಂಟಿನ ಎರಡನೇ ಮಹಡಿಯ 203ನೇ ಫ್ಲ್ಯಾಟು. ಎರಡು ಮಲಗುವ ಕೋಣೆ, ಕಾರ್ಪೆಟ್ ಅಳತೆ 905 ಚದರಡಿ, ಸೂಪರ್ ಬಿಲ್ಟಪ್ 1,180 ಚದರಡಿ, ಜಮೀನಿನಲ್ಲಿ 415 ಚದರಡಿ ಅವಿಭಾಜ್ಯ ಪಾಲು, ನೆಲಮಹಡಿಯ 9ನೇ ಪಾರ್ಕಿಂಗ್. ಚೆಕ್ಕುಬಂದಿ: ಪೂರ್ವಕ್ಕೆ ಮೆಟ್ಟಿಲು ಮತ್ತು ಲಿಫ್ಟು, ಪಶ್ಚಿಮಕ್ಕೆ ಖಾಲಿ ಜಾಗ, ಉತ್ತರಕ್ಕೆ 204ನೇ ಫ್ಲ್ಯಾಟು, ದಕ್ಷಿಣಕ್ಕೆ ರಸ್ತೆ ಕಡೆಯ ಬಾಲ್ಕನಿ.

ಮೇಲಿನದ್ದನ್ನು ಓದಿಸಿ ಕೇಳಿ, ಒಪ್ಪಿ, ಸಾಕ್ಷಿಗಳ ಸಮಕ್ಷಮದಲ್ಲಿ ಸಹಿ ಮಾಡಿದ್ದೇವೆ.

ಮಾರುವವರು: (ಸಹಿ) ಎಚ್. ಎಸ್. ಮಂಜುನಾಥ, (ಸಹಿ) ಸುಮಾ
ಕೊಳ್ಳುವವರು: (ಸಹಿ) ಕೆ. ರೂಪಾ
ಸಾಕ್ಷಿಗಳು: (ಸಹಿ) ಬಿ. ನಾಗೇಶ್, ಮಾರುವವರ ಪಕ್ಕದ ಮನೆಯವರು, (ಸಹಿ) ಕೆ. ಶ್ರೀಧರ, ಕೊಳ್ಳುವವರ ಅಣ್ಣ