ನಿಂತ ಗಡಿಯಾರ ಸರಿಯಾದ ಹೊತ್ತು ತೋರಿಸಿದರೆ
(ಬಿ.ಎ. ತತ್ವಶಾಸ್ತ್ರ, ಜ್ಞಾನಮೀಮಾಂಸೆ: ತರಗತಿ ಟಿಪ್ಪಣಿ)

ಈಜು ‘ಬರುತ್ತದೆ’. ಪಕ್ಕದ ಮನೆಯವರ ‘ಪರಿಚಯವಿದೆ’. ಬಸ್ಸು ಆರಕ್ಕೆ ಹೊರಡುತ್ತದೆ ಎಂದು ‘ಗೊತ್ತು’. ಇಂಗ್ಲಿಷಿನವರು ಮೂರಕ್ಕೂ ಒಂದೇ ಕ್ರಿಯಾಪದ ಬಳಸುತ್ತಾರೆ; ಕನ್ನಡ ಆಗಲೇ ವಿಂಗಡಿಸಿ ಕೊಟ್ಟಿದೆ. ಈ ಟಿಪ್ಪಣಿ ಮೂರನೆಯದನ್ನು ಕುರಿತದ್ದು: ‘ಇಂಥದ್ದು ಹೀಗಿದೆ ಎಂದು ಗೊತ್ತು’ ಎನ್ನಲು ಏನೇನು ಬೇಕು?

ಮೊದಲು ನಂಬಿಕೆ. ಇಲ್ಲಿ ಈ ಪದಕ್ಕೆ ದೇವರ ಮೇಲಿನ ಭಕ್ತಿಯ ಅರ್ಥವೂ ಇಲ್ಲ, ಸ್ನೇಹಿತನ ಮೇಲಿಟ್ಟ ಭರವಸೆಯ ಅರ್ಥವೂ ಇಲ್ಲ. ಒಂದು ಸಂಗತಿ ನಿಜವೆಂದು ಮನಸ್ಸು ಒಪ್ಪಿಕೊಂಡಿದ್ದರೆ ಸಾಕು. ಕೊಡೆ ಬಿಟ್ಟು ಹೊರಟವರು ಮಳೆ ಬರುವುದಿಲ್ಲವೆಂದು ನಂಬಿದ್ದಾರೆ, ಬಾಯಿಬಿಟ್ಟು ಹೇಳದಿದ್ದರೂ.

ಎರಡನೆಯದು ಸತ್ಯ. ‘ಬೀಗ ಹಾಕಿದ್ದೇನೆ ಅಂದುಕೊಂಡಿದ್ದೆ’ ಎಂದೊಡನೆ ಬೀಗ ಹಾಕಿರಲಿಲ್ಲವೆಂದು ಕೇಳುವವರಿಗೆ ಅರ್ಥವಾಗುತ್ತದೆ. ‘ಬೀಗ ಹಾಕಿದ್ದು ಗೊತ್ತು, ಆದರೆ ಹಾಕಿಲ್ಲ’ ಎಂದರೆ ಮಾತೇ ಮುರಿದುಬೀಳುತ್ತದೆ. ಪರೀಕ್ಷೆಯಲ್ಲಿ ಹಲವರು ‘ಅವನ ಪಾಲಿಗೆ ಅದು ಸತ್ಯ’ ಎಂದು ಬರೆಯುತ್ತಾರೆ. ಅವನು ಹಾಗೆ ನಂಬಿದ್ದ ಎಂದಷ್ಟೇ ಬರೆಯಿರಿ. ಬೀಗ ಅವನ ಪಾಲಿಗೆ ಬೇರೆ, ಕಳ್ಳನ ಪಾಲಿಗೆ ಬೇರೆ ಆಗುವುದಿಲ್ಲ.

ಸತ್ಯವಾದ ನಂಬಿಕೆಯಷ್ಟೇ ಸಾಲದೇಕೆ? ಹನ್ನೆರಡನೇ ಶತಮಾನದ ಶ್ರೀಹರ್ಷನ ಜೂಜುಗಾರನನ್ನು ನೋಡಿ. ಎದುರಿನವನ ಮುಷ್ಟಿಯಲ್ಲಿ ಐದು ಕವಡೆ ಇವೆ ಎಂದು ಊಹಿಸುತ್ತಾನೆ; ಐದೇ ಇರುತ್ತವೆ. ಊಹೆ ಸರಿ, ಆದರೆ ಅದನ್ನು ಜ್ಞಾನ ಎನ್ನಲು ನಾಲಿಗೆ ತಡೆಯುತ್ತದೆ. ಕೊರತೆ ಇರುವುದು ಆಧಾರದಲ್ಲಿ. ಈ ಆಧಾರವೇ ಸಮರ್ಥನೆ.

ಸಮರ್ಥನೆಗೂ ಸತ್ಯಕ್ಕೂ ಗಂಟು ಹಾಕಬೇಡಿ. ಅತಿ ಹೆಚ್ಚು ಅಂಕ ಹೋಗುವುದು ಇಲ್ಲೇ. ಸೋಮವಾರ ಸಂಜೆ ನೋಟಿಸ್ ಬೋರ್ಡಿನಲ್ಲಿ ‘ಪರೀಕ್ಷೆ ಬುಧವಾರ’ ಎಂದಿತ್ತು. ರಾತ್ರಿ ಅದನ್ನು ಗುರುವಾರಕ್ಕೆ ಬದಲಿಸಿದರು. ಸಂಜೆ ನೋಡಿದವಳ ನಂಬಿಕೆ ಸುಳ್ಳಾಯಿತು, ಆದರೂ ಆಧಾರ ಗಟ್ಟಿಯೇ ಇತ್ತು. ಕನಸು ಬಿತ್ತೆಂದು ಗುರುವಾರವೇ ಪರೀಕ್ಷೆ ಎಂದುಕೊಂಡವನ ನಂಬಿಕೆ ನಿಜವಾಯಿತು, ಆಧಾರ ಮಾತ್ರ ಸೊನ್ನೆ. ಫಲಿತಾಂಶ ನೋಡಿದ ಮೇಲೆ ಆಧಾರಕ್ಕೆ ಅಂಕ ಹಾಕುವುದು ತಪ್ಪು. ಆ ಹೊತ್ತಿಗೆ ಕೈಯಲ್ಲಿ ಏನಿತ್ತು ಎಂದು ನೋಡಬೇಕು.

ಹಾಗಾದರೆ ಮೂರೂ ಸೇರಿದರೆ ಜ್ಞಾನವೇ? 1963ರಲ್ಲಿ ಎಡ್ಮಂಡ್ ಗೆಟಿಯರ್ ಮೂರೇ ಪುಟದ ಲೇಖನದಲ್ಲಿ ‘ಅಲ್ಲ’ ಎಂದು ತೋರಿಸಿದರು. ಅವರ ಉದಾಹರಣೆಗಳು ಸ್ವಲ್ಪ ಸುತ್ತುಬಳಸಿನವು. ರಸೆಲ್ ಅದಕ್ಕೂ ಮೊದಲೇ ಕೊಟ್ಟಿದ್ದ ನಿಂತ ಗಡಿಯಾರ ನಮಗೆ ಸುಲಭ. ಹಾಸ್ಟೆಲಿನ ಗೋಡೆ ಗಡಿಯಾರ ನಿನ್ನೆ ಸಂಜೆ 7.40ಕ್ಕೆ ನಿಂತಿದೆ. ಇಂದು ಬೆಳಿಗ್ಗೆ ಸರಿಯಾಗಿ 7.40ಕ್ಕೆ ನೀವು ಅದನ್ನು ನೋಡಿ ‘ಏಳೂ ನಲವತ್ತು’ ಎನ್ನುತ್ತೀರಿ. ನಂಬಿಕೆ ಇದೆ, ಅದು ನಿಜ. ಈವರೆಗೆ ಕೈಕೊಡದ ಗಡಿಯಾರವಾದ್ದರಿಂದ ಆಧಾರವೂ ಇದೆ. ಆದರೂ ಹತ್ತು ನಿಮಿಷ ಮೊದಲು ನೋಡಿದ್ದರೂ ಇದನ್ನೇ ಹೇಳುತ್ತಿದ್ದಿರಿ.

ಇನ್ನೊಂದು: ಲೈಬ್ರರಿ ಮುಂದೆ ಮಹೇಶನ ಕೆಂಪು ಬೈಕು ನಿಂತಿದೆ. ‘ಮಹೇಶ ಒಳಗಿದ್ದಾನೆ’ ಎಂದುಕೊಳ್ಳುತ್ತೀರಿ. ಬೈಕು ತಂದದ್ದು ಅವನ ತಮ್ಮ; ಮಹೇಶ ಬಸ್ಸಿನಲ್ಲಿ ಬಂದು ಒಳಗೆ ಕೂತಿದ್ದಾನೆ. ‘ಇಲ್ಲಿ ನಂಬಿಕೆ ಸುಳ್ಳು’ ಎಂದು ಬರೆದರೆ ಉತ್ತರ ಪೂರ್ತಿ ಕೆಟ್ಟಂತೆ. ನಂಬಿಕೆ ನಿಜವೇ, ಅದನ್ನು ನಿಜವಾಗಿಸಿದ್ದು ಬಸ್ಸು, ನೀವು ಆತುಕೊಂಡದ್ದು ಬೈಕು. ಎರಡರ ನಡುವಿನ ಈ ಬಿರುಕನ್ನು ಒಂದು ವಾಕ್ಯದಲ್ಲಾದರೂ ಹೇಳಲೇಬೇಕು.

ದುರಸ್ತಿಯ ಮೊದಲ ಪ್ರಯತ್ನ: ತರ್ಕದ ನಡುವೆ ಸುಳ್ಳು ಮೆಟ್ಟಿಲು ಇರಕೂಡದು. ‘ಬೈಕು ತಂದವನು ಮಹೇಶ’ ಎಂಬ ಮೆಟ್ಟಿಲು ಸುಳ್ಳು, ಆದ್ದರಿಂದ ಜ್ಞಾನವಲ್ಲ. ಚೆನ್ನಾಗಿದೆ, ಆದರೆ ಸಾಲದು. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಹತ್ತು ಮಾವಿನಹಣ್ಣು, ಒಂಬತ್ತು ಮೇಣದವು. ಅದು ತಿಳಿಯದ ನೀವು ಅಕಸ್ಮಾತ್ ನಿಜವಾದ ಒಂದನ್ನೇ ತೋರಿಸಿ ‘ಇದು ಮಾವು’ ಎನ್ನುತ್ತೀರಿ. ನಡುವೆ ತರ್ಕದ ಮೆಟ್ಟಿಲೇ ಇಲ್ಲ, ಸುಮ್ಮನೆ ನೋಡಿ ಹೇಳಿದಿರಿ. (1976ರಲ್ಲಿ ಆಲ್ವಿನ್ ಗೋಲ್ಡ್‌ಮನ್ ಬಳಸಿದ ಧಾನ್ಯದ ನಕಲಿ ಕಣಜಗಳ ಉದಾಹರಣೆಯದೇ ಅಚ್ಚು ಇದು.) ಇದು ಜ್ಞಾನವೇ ಎಂಬಲ್ಲಿ ಪಂಡಿತರೇ ಒಮ್ಮತಕ್ಕೆ ಬಂದಿಲ್ಲ. ನೀವು ಯಾವ ಪಕ್ಷ ಹಿಡಿದರೂ ಅಡ್ಡಿಯಿಲ್ಲ, ಕಾರಣ ಕೊಡಿ.

ಪದದ ಎಚ್ಚರಿಕೆಯೊಂದು. ನ್ಯಾಯದರ್ಶನದಲ್ಲಿ ‘ಜ್ಞಾನ’ ಎಂದರೆ ಯಾವುದೇ ಅರಿವು. ಹಗ್ಗವನ್ನು ಹಾವೆಂದು ಕಂಡದ್ದೂ ಜ್ಞಾನವೇ, ಆದರೆ ಭ್ರಮೆ. ಯಥಾರ್ಥ ಅನುಭವಕ್ಕೆ ಅವರ ಹೆಸರು ‘ಪ್ರಮಾ’. ನ್ಯಾಯದರ್ಶನದ ಉತ್ತರವನ್ನೂ ಈ ಪತ್ರಿಕೆಯ ಉತ್ತರವನ್ನೂ ಬೆರೆಸುವಾಗ ನೆನಪಿಡಿ: ‘ಸುಳ್ಳು ಜ್ಞಾನ’ ಎಂಬುದು ಅಲ್ಲಿ ಸಲ್ಲುತ್ತದೆ, ಇಲ್ಲಿ ಸಲ್ಲುವುದಿಲ್ಲ.

ಮುಂದಿನ ತರಗತಿಗೆ, ಹತ್ತು ಸಾಲು ಮೀರದಂತೆ: ಅಡುಗೆಮನೆಯ ಕಡೆಯಿಂದ ಸೀದ ವಾಸನೆ ಬಂತು, ‘ನಮ್ಮ ಹಾಲು ಉಕ್ಕಿತು’ ಎಂದು ಅಜ್ಜಿ ಓಡಿದರು. ಹಾಲು ಉಕ್ಕಿದ್ದು ನಿಜ, ವಾಸನೆ ಬಂದದ್ದು ಮಾತ್ರ ಪಕ್ಕದ ಮನೆಯಿಂದ. ಅಜ್ಜಿಗೆ ಗೊತ್ತಿತ್ತೇ?