ಫ್ಲಿಪ್-ಫ್ಲಾಪ್ ವೈವಾ ಪ್ರಶ್ನೋತ್ತರ: ಡಿಪ್ಲೊಮಾ ಡಿಜಿಟಲ್ ಲ್ಯಾಬ್, ಶಿವಮೊಗ್ಗ

ಪ್ರಶ್ನೆ: ಫ್ಲಿಪ್-ಫ್ಲಾಪ್‌ನ ವಿಧಗಳು ಯಾವುವು?
ಉತ್ತರ: ಎಸ್‌ಆರ್, ಜೆಕೆ, ಡಿ ಮತ್ತು ಟಿ. ಪ್ರತಿಯೊಂದೂ ಒಂದು ಬಿಟ್ ನೆನಪಿಟ್ಟುಕೊಳ್ಳುತ್ತದೆ.

ಪ್ರಶ್ನೆ: ಎಸ್‌ಆರ್‌ಗಿಂತ ಜೆಕೆ ಹೇಗೆ ಭಿನ್ನ?
ಉತ್ತರ: ಎಸ್‌ಆರ್‌ನಲ್ಲಿ `S = R = 1` ನಿಷಿದ್ಧ, ಜೆಕೆಯಲ್ಲಿ `J = K = 1` ಇದ್ದಾಗ ಔಟ್‌ಪುಟ್ ಟಾಗಲ್ ಆಗುತ್ತದೆ.

ಪ್ರಶ್ನೆ: ಕ್ಯಾರೆಕ್ಟರಿಸ್ಟಿಕ್ ಟೇಬಲ್‌ಗೂ ಎಕ್ಸೈಟೇಶನ್ ಟೇಬಲ್‌ಗೂ ಏನು ವ್ಯತ್ಯಾಸ?
ಉತ್ತರ: ಮೊದಲನೆಯದು ಇನ್‌ಪುಟ್ ಮತ್ತು ಈಗಿನ ಸ್ಥಿತಿಯಿಂದ ಮುಂದಿನ ಸ್ಥಿತಿಯನ್ನು ಹೇಳುತ್ತದೆ, ಎರಡನೆಯದು ಬೇಕಾದ ಬದಲಾವಣೆಗೆ ಯಾವ ಇನ್‌ಪುಟ್ ಕೊಡಬೇಕೆಂದು ತಿಳಿಸುತ್ತದೆ. ಪರೀಕ್ಷಕರು ಹೆಚ್ಚಾಗಿ ಕೆದಕುವುದು ಇದನ್ನೇ.

ಪ್ರಶ್ನೆ: ಜೆಕೆಯ ಸಮೀಕರಣ ಬರೆಯಿರಿ.
ಉತ್ತರ: `Q(n+1) = JQ' + K'Q`

ಪ್ರಶ್ನೆ: ಡಿ ಫ್ಲಿಪ್-ಫ್ಲಾಪನ್ನು ಟಿ ಆಗಿ ಪರಿವರ್ತಿಸುವುದು ಹೇಗೆ?
ಉತ್ತರ: ಟಿಯ ಕ್ಯಾರೆಕ್ಟರಿಸ್ಟಿಕ್ ಟೇಬಲ್ ಬರೆದು, ಪ್ರತಿ ಸಾಲಿನಲ್ಲೂ ಮುಂದಿನ ಸ್ಥಿತಿಗೆ ಬೇಕಾದ ಡಿ ಬೆಲೆಯನ್ನು ಎಕ್ಸೈಟೇಶನ್ ಟೇಬಲ್‌ನಿಂದ ತುಂಬಿದರೆ, `T Q = 00, 01, 10, 11` ಸಾಲುಗಳಿಗೆ `D = 0, 1, 1, 0` ಬರುತ್ತದೆ, ಅಂದರೆ `D = T ⊕ Q`. ಬ್ರೆಡ್‌ಬೋರ್ಡ್‌ನಲ್ಲಿ 7486ರ ಒಂದು ಎಕ್ಸಾರ್ ಗೇಟಿನ ಔಟ್‌ಪುಟನ್ನು 7474ರ 2ನೇ ಪಿನ್‌ಗೆ, 5ನೇ ಪಿನ್ನಿನ ಔಟ್‌ಪುಟನ್ನು ಅದೇ ಗೇಟಿನ ಒಂದು ಇನ್‌ಪುಟ್‌ಗೆ ಜೋಡಿಸಿ, ಇನ್ನೊಂದಕ್ಕೆ ಟಿ ಕೊಡಬೇಕು. 7474ರ 1 ಮತ್ತು 4ನೇ ಪಿನ್‌ಗಳು ಹೈ ಇರಲೇಬೇಕು.

ಪ್ರಶ್ನೆ: ಜೆಕೆಯಿಂದ ಡಿ ಮತ್ತು ಟಿ?
ಉತ್ತರ: ಡಿಗೆ `J = D, K = D'`, ಟಿಗೆ `J = K = T`.

ಪ್ರಶ್ನೆ: ಎಸ್‌ಆರ್‌ನಿಂದ ಜೆಕೆ?
ಉತ್ತರ: `S = JQ', R = KQ`. ಇವೆರಡೂ ಒಟ್ಟಿಗೆ 1 ಆಗಲಾರವು. ಆದ್ದರಿಂದ ನಿಷಿದ್ಧ ಸ್ಥಿತಿ ಬರುವುದೇ ಇಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದರೆ ಔಟ್‌ಪುಟ್ ಏನಿರುತ್ತದೆ?
ಉತ್ತರ: ಖಚಿತವಾಗಿ ಹೇಳಲಾಗದು, ಕ್ಲಿಯರ್ ಪಿನ್ನನ್ನು ಕ್ಷಣಕಾಲ ಲೋ ಮಾಡಿ, 0 ಸ್ಥಿತಿಗೆ ತಂದ ಮೇಲೆಯೇ ರೀಡಿಂಗ್ ಬರೆಯಬೇಕು.