ಶಿಫಾರಸು ಪತ್ರ ಕೋರಿ ಮೇಡಂ ಅವರಿಗೆ

ಹಿರಿಯೂರು
ದಿನಾಂಕ: 9 ಜೂನ್ 2025

ಇವರಿಗೆ,
ಶ್ರೀಮತಿ ಗಿರಿಜಾ ಮೇಡಂ,
ಸಹ ಪ್ರಾಧ್ಯಾಪಕರು, ಮಕ್ಕಳ ಆರೋಗ್ಯ ಶುಶ್ರೂಷಾ ವಿಭಾಗ

ವಿಷಯ: ನವಜಾತ ಶಿಶು ತೀವ್ರ ನಿಗಾ ಘಟಕದ ಸ್ಟಾಫ್ ನರ್ಸ್ ಹುದ್ದೆಗಾಗಿ ಶಿಫಾರಸು ಪತ್ರ ನೀಡುವಂತೆ ಕೋರಿಕೆ

ಪೂಜ್ಯ ಮೇಡಂ,

ಸಾದರ ನಮಸ್ಕಾರಗಳು. ನಾನು 2020ನೇ ಸಾಲಿನಲ್ಲಿ ಬಿ.ಎಸ್ಸಿ. ನರ್ಸಿಂಗ್‌ಗೆ ಸೇರಿದ ಬ್ಯಾಚಿನ ಕವಿತಾ. ಮೂರನೇ ವರ್ಷದಲ್ಲಿ ಮಕ್ಕಳ ಶುಶ್ರೂಷೆಯನ್ನು ನಿಮ್ಮಲ್ಲೇ ಓದಿದೆ. ಜಿಲ್ಲಾ ಆಸ್ಪತ್ರೆಯ ಮಕ್ಕಳ ವಾರ್ಡು ಮತ್ತು ಎಸ್‌ಎನ್‌ಸಿಯು ಪೋಸ್ಟಿಂಗ್‌ಗಳಲ್ಲಿ ನಿಮ್ಮ ಮೇಲ್ವಿಚಾರಣೆಯಲ್ಲೇ ಕೆಲಸ ಕಲಿತೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಂತಿಮ ವರ್ಷದ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣಳಾಗಿದ್ದೇನೆ. ಕಳೆದ ಏಪ್ರಿಲ್‌ನಲ್ಲಿ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿತ ನರ್ಸ್ ಮತ್ತು ಮಿಡ್‌ವೈಫ್ ಆಗಿ ನನ್ನ ನೋಂದಣಿಯೂ ಆಯಿತು. ಆ ಪ್ರಮಾಣಪತ್ರ ಕೈಗೆ ಬಂದ ದಿನವೇ ನಿಮಗೆ ಪತ್ರ ಬರೆಯಬೇಕಿತ್ತು, ತಡಮಾಡಿದೆ, ಕ್ಷಮಿಸಬೇಕು.

ಮೈಸೂರಿನ ಮಕ್ಕಳ ಆಸ್ಪತ್ರೆಯೊಂದರ ನವಜಾತ ಶಿಶು ತೀವ್ರ ನಿಗಾ ಘಟಕದಲ್ಲಿ ಸ್ಟಾಫ್ ನರ್ಸ್ ಹುದ್ದೆಗೆ ಅರ್ಜಿ ಹಾಕಿದ್ದೇನೆ. ಹೊಸದಾಗಿ ಓದು ಮುಗಿಸಿದವರನ್ನೂ ಅವರು ತೆಗೆದುಕೊಳ್ಳುತ್ತಾರೆ. ಮೊದಲ ಆರು ತಿಂಗಳು ಹಿರಿಯ ಸಿಸ್ಟರ್ ಒಬ್ಬರ ಜೊತೆಗಿಟ್ಟು ತರಬೇತಿ ಕೊಡುತ್ತಾರಂತೆ. ಅನುಭವವಿಲ್ಲದವರಿಂದ ಇಬ್ಬರ ಶಿಫಾರಸು ಪತ್ರ ಕೇಳುತ್ತಾರೆ. ಅವರಲ್ಲಿ ಒಬ್ಬರು ಅಭ್ಯರ್ಥಿಯ ಕ್ಲಿನಿಕಲ್ ಕೆಲಸವನ್ನು ಹತ್ತಿರದಿಂದ ನೋಡಿ ತಿದ್ದಿದವರೇ ಆಗಿರಬೇಕು. ಅದನ್ನು ಓದಿದಾಗ ನನಗೆ ಮೊದಲು ನೆನಪಾದವರು ನೀವು. ಒಂದು ಪತ್ರವನ್ನು ನಮ್ಮ ಪ್ರಾಂಶುಪಾಲರು ಈಗಾಗಲೇ ಕೊಟ್ಟಿದ್ದಾರೆ. ಎರಡನೆಯದನ್ನು ನೀವು ಕೊಡಬೇಕೆಂದು ಈ ಮೂಲಕ ವಿನಂತಿಸಿಕೊಳ್ಳುತ್ತೇನೆ.

ನಮ್ಮ ಬ್ಯಾಚಿನಲ್ಲಿ ನನಗಿಂತ ಹೆಚ್ಚು ಅಂಕ ಪಡೆದವರು ಹಲವರಿದ್ದರು. ಅಂಕಪಟ್ಟಿ ತೋರಿಸದ ಕೆಲವು ಸಂಗತಿಗಳು ನಿಮಗೆ ಗೊತ್ತಿವೆ, ಅದರಲ್ಲಿ ನನ್ನ ತಪ್ಪೂ ಒಂದು. ಎಸ್‌ಎನ್‌ಸಿಯು ಪೋಸ್ಟಿಂಗ್‌ನ ಎರಡನೇ ವಾರ, 1.8 ಕಿಲೋ ತೂಕದ ಗಂಡುಮಗುವಿಗೆ ಜೆಂಟಾಮೈಸಿನ್ ಲೋಡ್ ಮಾಡುವಂತೆ ನೀವು ನನಗೆ ಹೇಳಿದ್ದಿರಿ. ಕಿಲೋಗೆ 4 ಮಿಲಿಗ್ರಾಂನಂತೆ 7.2 ಮಿಲಿಗ್ರಾಂ ಆಗುತ್ತದೆಂದು ಸರಿಯಾಗಿಯೇ ಲೆಕ್ಕ ಹಾಕಿದೆ. ವಯಲ್‌ನಲ್ಲಿದ್ದದ್ದು 2 ಮಿ.ಲೀ.ಗೆ 80 ಮಿಲಿಗ್ರಾಂ. ಎಂದರೆ ನಾನು ಎಳೆದುಕೊಳ್ಳಬೇಕಾಗಿದ್ದದ್ದು 0.18 ಮಿ.ಲೀ. ಮಗುವಿನ ತೂಕದ 1.8 ಕಣ್ಣ ಮುಂದೆಯೇ ಇತ್ತೋ, ದಶಾಂಶದ ಚುಕ್ಕೆ ತಪ್ಪಿತೋ, ಸಿರಿಂಜಿಗೆ 1.8 ಮಿ.ಲೀ. ಎಳೆದುಬಿಟ್ಟೆ. ವಯಲ್ ಬಹುತೇಕ ಖಾಲಿಯಾದದ್ದನ್ನು ನೋಡಿದಾಗ, ಅಂಗೈಯಗಲದ ಮಗುವಿಗೆ ಇಡೀ ವಯಲ್ ಹೇಗೆ ಬೇಕಾದೀತು ಎಂದು ಕೈ ನಿಂತಿತು. ಸಿರಿಂಜನ್ನು ಟ್ರೇಯಲ್ಲಿಟ್ಟು ನಿಮ್ಮ ಬಳಿ ಬಂದೆ. ನೀವು ಬೈಯಲಿಲ್ಲ. ಕೇಸ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕವನ್ನು ಮೊದಲಿನಿಂದ ಮಾಡಿಸಿ, ಹತ್ತು ಪಟ್ಟು ಡೋಸ್ ಎಂಬುದನ್ನು ನನ್ನ ಬಾಯಲ್ಲೇ ಹೇಳಿಸಿದಿರಿ. ಆ ಸಿರಿಂಜನ್ನು ಎಸೆಯುವ ಮುನ್ನ ವಾರ್ಡ್ ಇನ್‌ಚಾರ್ಜ್ ಸಿಸ್ಟರ್‌ಗೆ ನಾನೇ ವಿಷಯ ತಿಳಿಸಿ ರಿಜಿಸ್ಟರಿನಲ್ಲಿ ಬರೆಯಬೇಕೆಂದಿರಿ.

ಮಗುವಿಗೆ ಔಷಧ ಹೋಗಿರಲಿಲ್ಲ, ಏನೂ ಆಗಿರಲಿಲ್ಲ, ಆದರೂ ಏಕೆ ಬರೆಯಬೇಕು ಎಂದು ಆ ಕ್ಷಣ ಅನ್ನಿಸಿದ್ದು ನಿಜ. ಬರೆಯುವಾಗ ಕೈ ನಡುಗುತ್ತಿತ್ತು. ಅಂದಿನಿಂದ ಇಂಜೆಕ್ಷನ್ ಎಳೆಯುವ ಮೊದಲು ಮಗುವಿನ ತೂಕ, ಮಿಲಿಗ್ರಾಂ, ಆಮೇಲೆ ಮಿ.ಲೀ., ಈ ಮೂರನ್ನೂ ಇದೇ ಕ್ರಮದಲ್ಲಿ ಗಟ್ಟಿಯಾಗಿ ಹೇಳಿ, ಪಕ್ಕದಲ್ಲಿರುವ ಇನ್ನೊಬ್ಬರಿಂದ ನೋಡಿಸಿಕೊಳ್ಳುವುದು ನನ್ನ ಅಭ್ಯಾಸವಾಗಿದೆ. ಇಂಟರ್ನ್‌ಶಿಪ್‌ನ ರಾತ್ರಿ ಪಾಳಿಗಳಲ್ಲಿ ಜೊತೆಯವರು ಇದಕ್ಕೆ ಬೇಸರಪಟ್ಟುಕೊಂಡರೂ ಅದನ್ನು ಬಿಟ್ಟಿಲ್ಲ. ಈ ಘಟನೆಯನ್ನು ಶಿಫಾರಸು ಪತ್ರದಲ್ಲಿ ಉಲ್ಲೇಖಿಸಬೇಕೆಂದು ನಿಮಗೆ ಅನ್ನಿಸಿದರೆ ದಯವಿಟ್ಟು ಹಿಂಜರಿಯದೆ ಉಲ್ಲೇಖಿಸಿ. ತೀವ್ರ ನಿಗಾ ಘಟಕಕ್ಕೆ ಒಬ್ಬಳನ್ನು ತೆಗೆದುಕೊಳ್ಳುವವರಿಗೆ ಅವಳು ತಪ್ಪು ಮಾಡಿದಾಗ ಮುಚ್ಚಿಡುವವಳೋ ಹೇಳುವವಳೋ ಎಂಬುದು ತಿಳಿದಿರಬೇಕು. ಅದನ್ನು ಕಣ್ಣಾರೆ ಕಂಡವರು ನೀವೊಬ್ಬರೇ.

ಅದೇ ಪೋಸ್ಟಿಂಗ್‌ನಲ್ಲಿ ನೀವು ನನಗೆ ಒಪ್ಪಿಸಿದ್ದ ಇನ್ನೊಂದು ಮಗು ನಿಮಗೆ ನೆನಪಿರಬಹುದು. ಅವಧಿಗೆ ಮುನ್ನ ಹುಟ್ಟಿದ ಹೆಣ್ಣುಮಗು. ನನ್ನ ಕೈಗೆ ಬಂದಾಗ ತೂಕ 1 ಕಿಲೋ 620 ಗ್ರಾಂ. ಕಾಂಗರೂ ಆರೈಕೆಗೆ ತಾಯಿಯನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ, ಅವಳ ಅತ್ತೆಯನ್ನು ಒಪ್ಪಿಸುವುದು ಕಷ್ಟವಾಯಿತು. "ಬಟ್ಟೆ ಬಿಚ್ಚಿ ಎದೆ ಮ್ಯಾಲೆ ಮಲಗಿಸಿದ್ರೆ ಕೂಸಿಗೆ ಶೀತ ಆಗಲ್ವೇನವ್ವ" ಎಂದು ಆಕೆ ಪಟ್ಟು ಹಿಡಿದು ಕುಳಿತರು. ಪುಸ್ತಕದಲ್ಲಿದ್ದ ವಿವರಣೆಯನ್ನೆಲ್ಲ ಹೇಳಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಆ ಅಜ್ಜಿಯ ಕೈಯನ್ನು ಹಿಡಿದು ಮಗುವಿನ ಅಂಗಾಲಿಗೆ ಮುಟ್ಟಿಸಿದೆ, ತಣ್ಣಗಿತ್ತು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಾಗ 36.1 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಟೊಪ್ಪಿ, ಕಾಲುಚೀಲ, ಡೈಪರ್ ಮಾತ್ರ ಬಿಟ್ಟು ತಾಯಿಯ ಎದೆಗೆ ಮಗುವನ್ನು ಹಚ್ಚಿ, ಮೇಲೆ ಸೀರೆ ಸುತ್ತಿ ಒಂದು ಗಂಟೆ ಬಿಟ್ಟು ಮತ್ತೆ ಅದೇ ಕೈಯನ್ನು ಅದೇ ಅಂಗಾಲಿಗೆ ಮುಟ್ಟಿಸಿದೆ. ಆಗ 36.8 ಇತ್ತು. ಅಜ್ಜಿ ಏನೂ ಮಾತಾಡಲಿಲ್ಲ. ಮಾರನೆಯ ದಿನ ನಾನು ಡ್ಯೂಟಿಗೆ ಬರುವಷ್ಟರಲ್ಲಿ ಸೊಸೆ ಊಟಕ್ಕೆ ಹೋಗಿದ್ದಳು, ಅಜ್ಜಿಯೇ ರವಿಕೆ ಸಡಿಲಿಸಿ ಮೊಮ್ಮಗಳನ್ನು ಎದೆಗೆ ಹಚ್ಚಿಕೊಂಡು ಕುಳಿತಿದ್ದರು.

ತಾಯಿಯ ಹಾಲನ್ನು ಹಿಂಡಿಸಿ ಎರಡು ಗಂಟೆಗೊಮ್ಮೆ 20 ಮಿ.ಲೀ.ನಂತೆ ಒಳಲೆಯಲ್ಲಿ ಕುಡಿಸುವುದನ್ನು ಆ ಅಜ್ಜಿಗೆ ನಾನು ಕಲಿಸಬೇಕಾಗಲಿಲ್ಲ, ಅವರೇ ನನಗಿಂತ ನಾಜೂಕಾಗಿ ಕುಡಿಸುತ್ತಿದ್ದರು. ಪ್ರತಿ ಸಲವೂ ಒಳಲೆಯನ್ನು ಕುದಿಸಬೇಕು ಎಂಬುದೊಂದನ್ನು ಮಾತ್ರ ರೂಢಿಸಿದೆ. ನನ್ನ ಪಾಳಿ ಮುಗಿಯುವ ಎಂಟನೆಯ ದಿನ ಮಗು 1 ಕಿಲೋ 790 ಗ್ರಾಂ ತೂಗಿತು. ನೀವು ಆ ದಿನ ಬಾಗಿಲ ಬಳಿ ನಿಂತು ನೋಡುತ್ತಿದ್ದಿರಿ ಎಂದು ಆಮೇಲೆ ಗೆಳತಿಯರು ಹೇಳಿದರು. ನವಜಾತ ಶಿಶುಗಳ ಘಟಕದಲ್ಲೇ ಕೆಲಸ ಮಾಡಬೇಕೆಂದು ನಾನು ತೀರ್ಮಾನಿಸಿದ್ದು ಆ ಎಂಟು ದಿನಗಳಲ್ಲಿ.

ನನಗೆ ಬರದಿರುವುದನ್ನೂ ಇಲ್ಲಿ ತಿಳಿಸುವುದು ನನ್ನ ಕರ್ತವ್ಯ. ಫೋಟೋಥೆರಪಿ, ವಾರ್ಮರ್, ಇನ್‌ಫ್ಯೂಷನ್ ಪಂಪ್, ಟ್ಯೂಬ್ ಮೂಲಕ ಹಾಲೂಡಿಸುವುದು, ಹುಟ್ಟಿದ ಕೂಡಲೇ ಉಸಿರಾಡದ ಮಗುವಿಗೆ ಬ್ಯಾಗ್ ಮತ್ತು ಮಾಸ್ಕ್‌ನಿಂದ ಉಸಿರು ಕೊಡುವುದು, ಇವನ್ನು ಮೇಲ್ವಿಚಾರಣೆಯಲ್ಲಿ ಮಾಡಿದ್ದೇನೆ. ಸಿಪ್ಯಾಪ್ ಮೇಲಿದ್ದ ಮಕ್ಕಳ ಆರೈಕೆಯಲ್ಲಿ ಹಿರಿಯ ಸಿಸ್ಟರ್‌ಗೆ ನೆರವಾಗಿದ್ದೇನೆಯೇ ಹೊರತು ಸ್ವತಂತ್ರವಾಗಿ ನೋಡಿಕೊಂಡಿಲ್ಲ. ವೆಂಟಿಲೇಟರ್ ಮೇಲಿನ ಮಗುವನ್ನಂತೂ ನೋಡಿಕೊಂಡೇ ಇಲ್ಲ. ಅರ್ಜಿಯಲ್ಲೂ ಹೀಗೆಯೇ ಬರೆದಿದ್ದೇನೆ. ಎರಡನೇ ವರ್ಷದ ಫಾರ್ಮಕಾಲಜಿಯಲ್ಲಿ ಮೊದಲ ಸಲ ಅನುತ್ತೀರ್ಣಳಾಗಿ ಪೂರಕ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು ನಿಮಗೆ ತಿಳಿದೇ ಇದೆ, ಅದು ಅಂಕಪಟ್ಟಿಯಲ್ಲೂ ಇದೆ.

ಓದು ಮುಗಿದು ಇಷ್ಟು ದಿನವಾದರೂ ನನ್ನಲ್ಲಿ ಅನುಭವ ಪತ್ರವಿಲ್ಲ ಏಕೆ ಎಂದು ಸಂದರ್ಶನದಲ್ಲಿ ಕೇಳಬಹುದು. ನಿಮಗೂ ತಿಳಿದಿರಲಿ ಎಂದು ಹೇಳುತ್ತೇನೆ. ಮೇ ತಿಂಗಳಲ್ಲಿ ಖಾಸಗಿ ನರ್ಸಿಂಗ್ ಹೋಮ್ ಒಂದರಲ್ಲಿ ಆಯ್ಕೆಯಾಗಿದ್ದೆ. ಸೇರುವ ದಿನ ಮೂಲ ಪ್ರಮಾಣಪತ್ರಗಳನ್ನು ಒಪ್ಪಿಸಬೇಕು, ಎರಡು ವರ್ಷದ ಬಾಂಡಿಗೆ ಸಹಿ ಮಾಡಬೇಕು, ನಡುವೆ ಬಿಟ್ಟರೆ ಹಣ ಕಟ್ಟಿದ ಮೇಲೆಯೇ ಪ್ರಮಾಣಪತ್ರ ವಾಪಸ್ಸು ಎಂದರು. "ಯಾರು ಕೇಳಿದರೂ ಜೆರಾಕ್ಸ್ ಕೊಡಿ, ಮೂಲ ಪ್ರತಿ ತೋರಿಸಿ, ಕೈಯಿಂದ ಬಿಡಬೇಡಿ" ಎಂದು ನೀವು ಕೊನೆಯ ತರಗತಿಯಲ್ಲಿ ಹೇಳಿದ್ದು ಕಿವಿಯಲ್ಲಿತ್ತು. ಮನೆಯಲ್ಲಿ ಅಪ್ಪನಿಗೆ ಸಂಬಳದ ಅಗತ್ಯ ಎಷ್ಟಿದೆ ಎಂಬುದು ಗೊತ್ತಿದ್ದೂ ಅಲ್ಲಿಂದ ಎದ್ದು ಬಂದೆ. ಅಪ್ಪ ಬೇರೇನೂ ಮಾತಾಡಲಿಲ್ಲ, "ಸರಿ ಮಾಡ್ದೆ" ಎಂದಷ್ಟೇ ಹೇಳಿದರು. ಈಗ ಅರ್ಜಿ ಹಾಕಿರುವ ಆಸ್ಪತ್ರೆಯವರು ಬಾಂಡ್ ಇಲ್ಲವೆಂದು ಫೋನಿನಲ್ಲಿ ಸ್ಪಷ್ಟವಾಗಿ ತಿಳಿಸಿದ್ದಾರೆ.

ಇನ್ನು ಪತ್ರದ ವಿಚಾರ. ನೀವು ನನ್ನನ್ನು ಎಷ್ಟು ಕಾಲದಿಂದ ಮತ್ತು ಯಾವ ನೆಲೆಯಲ್ಲಿ ಬಲ್ಲಿರಿ, ಕ್ಲಿನಿಕಲ್ ಕೌಶಲ, ದಾಖಲೆ ಬರೆಯುವ ರೀತಿ, ರೋಗಿಗಳ ಮನೆಯವರೊಂದಿಗಿನ ನಡವಳಿಕೆ, ಪಾಳಿಗೆ ಹಾಜರಾಗುವ ಶಿಸ್ತು, ಇವುಗಳ ಬಗ್ಗೆ ನಿಮ್ಮ ಅಭಿಪ್ರಾಯವನ್ನು ಅವರು ಕೇಳಿದ್ದಾರೆ. ಪತ್ರ ಇಂಗ್ಲಿಷಿನಲ್ಲಿ, ಕಾಲೇಜಿನ ಲೆಟರ್‌ಹೆಡ್ ಮೇಲೆ, ಒಂದು ಪುಟ ಮೀರದಂತೆ ಇರಬೇಕು. ಅದನ್ನು ನನ್ನ ಕೈಗೆ ಕೊಡದೆ, ನಿಮ್ಮ ಕಾಲೇಜಿನ ಇಮೇಲ್‌ನಿಂದ ನೇರವಾಗಿ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರಿಗೆ ಕಳಿಸಬೇಕೆಂದು ಸೂಚಿಸಿದ್ದಾರೆ. ಆಸ್ಪತ್ರೆಯ ಹೆಸರು, ಇಮೇಲ್ ವಿಳಾಸ, ಅರ್ಜಿಯ ಸಂಖ್ಯೆ ಎಲ್ಲವೂ ಲಗತ್ತಿಸಿರುವ ಪ್ರತಿಯ ಮೊದಲ ಪುಟದಲ್ಲಿವೆ. ಕೊನೆಯ ದಿನ ಜೂನ್ 27. ಜೂನ್ ತಿಂಗಳು ನಿಮಗೆ ಪರೀಕ್ಷೆ, ಮೌಲ್ಯಮಾಪನಗಳ ಒತ್ತಡದ ಕಾಲವೆಂದು ಬಲ್ಲೆ. ನಿಮ್ಮ ನೆನಪಿಗೆ ಅನುಕೂಲವಾಗಲೆಂದು ನನ್ನ ಪೋಸ್ಟಿಂಗ್ ದಿನಾಂಕಗಳು, ನೀವು ಸಹಿ ಮಾಡಿದ ಕೇಸ್ ಬುಕ್ಕಿನ ಕೆಲವು ಪುಟಗಳು ಮತ್ತು ಹಾಜರಾತಿಯ ವಿವರವನ್ನು ಜೊತೆಗಿಟ್ಟಿದ್ದೇನೆ. ಬೇರೆ ಏನಾದರೂ ಬೇಕಿದ್ದರೆ ಫೋನ್ ಮಾಡಿ ತಿಳಿಸಿದರೆ ಅದೇ ದಿನ ಕಳಿಸುತ್ತೇನೆ. ನೀವು ಹೇಳಿದ ದಿನ ಕಾಲೇಜಿಗೆ ಬಂದು ಭೇಟಿಯಾಗಲೂ ಸಿದ್ಧಳಿದ್ದೇನೆ.

ಕೆಲಸದ ಒತ್ತಡದಿಂದಲೋ, ಈ ಹುದ್ದೆಗೆ ನಾನಿನ್ನೂ ತಯಾರಾಗಿಲ್ಲವೆಂಬ ಅಭಿಪ್ರಾಯದಿಂದಲೋ ಪತ್ರ ಕೊಡಲು ಸಾಧ್ಯವಾಗದಿದ್ದರೆ ದಯವಿಟ್ಟು ಸಂಕೋಚಪಡದೆ ತಿಳಿಸಿ. ಜೂನ್ 18ರೊಳಗೆ ತಿಳಿದರೆ ಸಮುದಾಯ ಆರೋಗ್ಯ ವಿಭಾಗದ ಮೇಡಂ ಅವರನ್ನು ಕೇಳಿಕೊಳ್ಳುತ್ತೇನೆ. ತಯಾರಾಗಿಲ್ಲವೆನ್ನುವುದಾದರೆ, ಯಾವುದರಲ್ಲಿ ಹಿಂದಿದ್ದೇನೆ ಎಂಬುದನ್ನು ಮಾತ್ರ ಹೇಳಿ. ಅಂದು ಕೇಸ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ತಿದ್ದಿದಂತೆಯೇ ತಿದ್ದಿಕೊಳ್ಳುತ್ತೇನೆ.

ಮನೆಯವರೆಲ್ಲರನ್ನೂ ಕೇಳಿದೆನೆಂದು ತಿಳಿಸಿ. ನಿಮ್ಮ ಆರೋಗ್ಯ ಚೆನ್ನಾಗಿರಲೆಂದು ಹಾರೈಸುತ್ತೇನೆ.

ತಮ್ಮ ವಿಧೇಯ ವಿದ್ಯಾರ್ಥಿನಿ,
ಕವಿತಾ
ಬಿ.ಎಸ್ಸಿ. ನರ್ಸಿಂಗ್, 2020ನೇ ಸಾಲಿನ ಬ್ಯಾಚ್

ಲಗತ್ತುಗಳು: ಅರ್ಜಿಯ ಪ್ರತಿ, ಅಂಕಪಟ್ಟಿಗಳು, ತಾತ್ಕಾಲಿಕ ಪದವಿ ಪ್ರಮಾಣಪತ್ರ ಮತ್ತು ಶುಶ್ರೂಷಾ ಪರಿಷತ್ತಿನ ನೋಂದಣಿ ಪತ್ರದ ಜೆರಾಕ್ಸ್, ಕೇಸ್ ಬುಕ್ಕಿನ ಪುಟಗಳು, ಪೋಸ್ಟಿಂಗ್ ಮತ್ತು ಹಾಜರಾತಿಯ ವಿವರ.